ಇಪ್ಪತ್ತೈದನೇ ಪುಟದಲ್ಲಿ ಕೆಂಪು ಶಾಯಿ ಇಲ್ಲ

ಕಾಪು, 14 ಜೂನ್ 2025, ಶನಿವಾರ

ಕಾರ್ಕಳದಿಂದ ಬಂದ ಅರ್ಜಿಯನ್ನು ಇಲ್ಲಿ ಹಾಗೆಯೇ ಬರೆದಿಟ್ಟುಕೊಳ್ಳುತ್ತೇನೆ. ತಿದ್ದಿದ ಮೇಲೆ ಮೊದಲಿನದು ಹೇಗಿತ್ತು ಎಂಬುದು ಮರೆತೇ ಹೋಗುತ್ತದೆ.

“ನಾನು ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯನ್ನು ತುಂಬಾ ಚೆನ್ನಾಗಿ ಬರೆದಿದ್ದೆನು. ಆದರೂ ನನಗೆ ಕೇವಲ 24 ಅಂಕ ಕೊಟ್ಟು ಫೇಲು ಮಾಡಿದ್ದಾರೆ. ಮೌಲ್ಯಮಾಪಕರು ನನ್ನ ಪೇಪರನ್ನು ಓದಿಯೇ ಇಲ್ಲವೆಂದು ಕಾಣುತ್ತದೆ. ನನಗಿಂತ ಕಡಿಮೆ ಬರೆದ ನನ್ನ ಗೆಳತಿಗೆ 51 ಬಂದಿದೆ. ನನ್ನ ತಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಕಷ್ಟಪಟ್ಟು ಓದಿಸುತ್ತಿದ್ದಾರೆ. ತಮ್ಮ ಪಾದಗಳಿಗೆ ಬಿದ್ದು ಬೇಡಿಕೊಳ್ಳುತ್ತೇನೆ, ದಯವಿಟ್ಟು ನನ್ನ ಪೇಪರನ್ನು ಮತ್ತೆ ನೋಡಿ ಪಾಸು ಮಾಡಬೇಕು.”

ಅರ್ಜಿ ಬರೆದ ಹುಡುಗಿಯ ಅಪ್ಪ ನನ್ನ ಹಳೆಯ ವಿದ್ಯಾರ್ಥಿ. ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್. ಇವತ್ತು ರಜೆ ಹಾಕಿ, ಬೆಳ್ಮಣ್ಣು–ಶಿರ್ವದ ದಾರಿಯಾಗಿ ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದ. “ಸ್ವಲ್ಪ ಒಳ್ಳೆ ಕನ್ನಡದಲ್ಲಿ ಮಾಡಿ ಕೊಡಿ ಸರ್, ನಮ್ಮದು ತುಳುವಿನಲ್ಲಿ ಯೋಚನೆ ಮಾಡಿ ಬರೆದದ್ದು” ಎಂದ. ಕನ್ನಡ ಏನೂ ಕೆಟ್ಟಿಲ್ಲ. ಒಂದು ಪುಟದ ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನೆಸಂಖ್ಯೆ ಇಲ್ಲ, ಪುಟಸಂಖ್ಯೆ ಇಲ್ಲ. ಪರೀಕ್ಷಾಂಗದಲ್ಲಿ ಇದನ್ನು ಓದುವವರು ಓದಿ ಮುಗಿಸಿ ಮಾಡುವುದಾದರೂ ಏನು? ಯಾವ ಪುಟ ತೆಗೆಯಬೇಕು?

“ಉತ್ತರ ಪತ್ರಿಕೆಯ ಝೆರಾಕ್ಸ್ ತೆಗೆಸಿದ್ದೀರಾ?” ಎಂದು ಕೇಳಿದೆ.

“ಇಲ್ಲ ಸರ್. ಅದಕ್ಕೆ ಬೇರೆ ದುಡ್ಡು. ನೇರ ಮರುಮೌಲ್ಯಮಾಪನಕ್ಕೇ ಹಾಕುವ ಅಂತ.”

ಅಲ್ಲಿಗೆ ಇವತ್ತು ಬರೆಯುವ ಕೆಲಸವೇ ಇಲ್ಲ ಎಂದಾಯಿತು. ಮೊದಲು ಛಾಯಾಪ್ರತಿಗೆ ಅರ್ಜಿ ಹಾಕಿ, ಅದು ಕೈಗೆ ಬಂದ ದಿನ ಮಗಳಿಂದ ಫೋನ್ ಮಾಡಿಸು ಎಂದೆ. ಅವಳ ಕಾಲೇಜು ಸ್ವಾಯತ್ತ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಮರುಮೌಲ್ಯಮಾಪನ ಎಲ್ಲ ಅವರದೇ ಪರೀಕ್ಷಾಂಗದಲ್ಲಿ. ಛಾಯಾಪ್ರತಿ ಕೊಡುವ ನಿಯಮ ಫಲಿತಾಂಶದ ಸುತ್ತೋಲೆಯಲ್ಲಿಯೇ ಇತ್ತು. ಅಪ್ಪ ಮಗಳು ಇಬ್ಬರೂ ಶುಲ್ಕದ ಸಾಲನ್ನು ಮಾತ್ರ ಓದಿದ್ದರು.

ಕಾಪು, 15 ಜೂನ್, ಭಾನುವಾರ

ಗಾಳಿಮಳೆ. ಬೆಳಗಿನಿಂದ ಕರೆಂಟು ಇಲ್ಲ.

“ಪಾಸು ಮಾಡಬೇಕು” ಎಂಬ ಕೋರಿಕೆಯೇ ತಲೆಯಲ್ಲಿ ತಿರುಗುತ್ತಿದೆ. ಹಾಗೆ ಕೇಳುವ ಹಕ್ಕು ಯಾರಿಗೂ ಇಲ್ಲ, ಹಾಗೆ ಮಾಡುವ ಅಧಿಕಾರ ಪರೀಕ್ಷಾ ನಿಯಂತ್ರಕರಿಗೂ ಇಲ್ಲ. ನಾವು ಕಲಿಸುತ್ತಿದ್ದ ಕಾಲದಲ್ಲಿ ಉತ್ತರ ಪತ್ರಿಕೆ ಒಮ್ಮೆ ಕಟ್ಟಿನೊಳಗೆ ಹೋಯಿತೆಂದರೆ ಬರೆದವರಿಗೆ ಮತ್ತೆ ಅದರ ದರ್ಶನ ಇರಲಿಲ್ಲ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ, ಮರುಮೌಲ್ಯಮಾಪನ ಇಲ್ಲ ಎನ್ನುವ ಮಂಡಳಿಯ ನಿಯಮವನ್ನು ಎತ್ತಿಹಿಡಿದಿತ್ತು. ಬಾಗಿಲು ಸ್ವಲ್ಪ ತೆರೆದದ್ದು 2011ರ ಆಗಸ್ಟ್ 9ರಂದು, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ. ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕಿನ ಅರ್ಥದಲ್ಲಿ ‘ಮಾಹಿತಿ’, ಬರೆದವರು ಅದನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದಿತು ಕೋರ್ಟು. ಆದರೆ ನೋಡುವ ಹಕ್ಕು ಬಂದಿತೆಂದು ಮರುಮೌಲ್ಯಮಾಪನದ ಹಕ್ಕು ಬಂದಂತಲ್ಲ, ಅದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು ಎಂದೂ ಹೇಳಿತು. ಮೌಲ್ಯಮಾಪನ ಮಾಡಿದವರ ಹೆಸರು, ಗುರುತು ಕೊಡಬೇಕಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ.

ಅರ್ಜಿ ಬರೆಯುವವರಿಗೆ ಇದರಲ್ಲಿ ಎರಡು ವಿಷಯ ಸಿಕ್ಕಿತು. ಪ್ರತಿಯನ್ನು ನೋಡಿದ ಮೇಲೆಯೇ ಮಾತು, ಅದೂ ಸಂಸ್ಥೆಯ ನಿಯಮ ಬಿಟ್ಟ ಜಾಗದಲ್ಲಿ. ಮತ್ತೆ, ಓದಿದವರು ಯಾರು ಎಂಬುದು ನಮಗೆ ಗೊತ್ತಾಗುವುದೇ ಇಲ್ಲ ಎಂದ ಮೇಲೆ ಅವರ ಬಗ್ಗೆ ಒಂದು ವಾಕ್ಯ ಬರೆದರೂ ಅದು ಊಹೆ.

ದ್ವಿತೀಯ ಪಿಯುಸಿಯವರು ಈ ಕ್ರಮವನ್ನು ನಿಯಮವನ್ನಾಗಿಯೇ ಮಾಡಿಬಿಟ್ಟಿದ್ದಾರೆ. ಮೊದಲು ಆನ್‌ಲೈನಿನಲ್ಲಿ ಸ್ಕ್ಯಾನ್ ಪ್ರತಿ, ವಿಷಯವೊಂದಕ್ಕೆ 530 ರೂಪಾಯಿ. ಅದನ್ನು ಪಡೆದವರು ಮಾತ್ರ ಮರುಮೌಲ್ಯಮಾಪನಕ್ಕೆ ಹಾಕಬಹುದು, ಅದಕ್ಕೆ 1,670. ಮರುಎಣಿಕೆಗೆ ಶುಲ್ಕ ಇಲ್ಲ. ಅಲ್ಲಿ ಅರ್ಜಿಯ ಒಕ್ಕಣೆಗೆ ಕೆಲಸವೇ ಇಲ್ಲ, ಪರದೆಯ ಮೇಲೆ ವಿಷಯ ಆರಿಸಿ ಹಣ ಕಟ್ಟುವುದಷ್ಟೇ. ಇವಳ ಕಾಲೇಜಿನಲ್ಲಿ ನಮೂನೆಯ ಕೊನೆಗೆ ‘ಕಾರಣಗಳು (ಪ್ರತ್ಯೇಕ ಹಾಳೆ ಲಗತ್ತಿಸಿ)’ ಎಂಬ ಕಲಂ ಇದೆ. ಆ ಪ್ರತ್ಯೇಕ ಹಾಳೆಗೇ ಈಗ ನಮ್ಮ ಒದ್ದಾಟ.

ಎಸ್ಸೆಸ್ಸೆಲ್ಸಿಯಲ್ಲಿ 2018ರಲ್ಲಿ ಬೆಳಗಾವಿಯ ಹುಡುಗನೊಬ್ಬ 625ಕ್ಕೆ 624 ತೆಗೆದು, ವಿಜ್ಞಾನದ ಪ್ರತಿ ತರಿಸಿ, ಕಳೆದುಹೋದ ಒಂದು ಅಂಕ ಯಾವ ಉತ್ತರದಲ್ಲಿ ಎಂದು ಹುಡುಕಿ, ಮರುಮೌಲ್ಯಮಾಪನಕ್ಕೆ ಹಾಕಿ 625 ಮಾಡಿಸಿಕೊಂಡಿದ್ದ. ಪತ್ರಿಕೆಯವರು ಅವನ ಜಾಣತನವನ್ನು ಹೊಗಳಿದರು. ನನಗೆ ಹಿಡಿಸಿದ್ದು ಅವನು ಮೊದಲು ಪ್ರತಿ ತರಿಸಿಕೊಂಡದ್ದು.

ಮಣಿಪಾಲ, 19 ಜೂನ್, ಗುರುವಾರ

(ರಾತ್ರಿ ಮನೆಗೆ ಬಂದು ಬರೆದದ್ದು.)

ಪ್ರತಿ ನಿನ್ನೆ ಬಂದಿದೆ. ಹುಡುಗಿ ರಜೆಯಲ್ಲಿ ಟೈಗರ್ ಸರ್ಕಲ್ ಹತ್ತಿರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲೇ ಒಂದು ಹೋಟೆಲಿನ ಮೂಲೆಯಲ್ಲಿ ಕೂತೆವು. ಬಂದವಳೇ ಹತ್ತನೇ ಪ್ರಶ್ನೆಯ ಉತ್ತರ ತೆರೆದು, “ನೋಡಿ ಸರ್, ಮೂರು ಪುಟ ಬರೆದಿದ್ದೇನೆ, ಮೂರು ಮಾರ್ಕು” ಎಂದಳು. ಅದನ್ನು ಆಮೇಲೆ ನೋಡುವ ಎಂದು ಮುಚ್ಚಿಸಿದೆ.

ಪ್ರತಿ ಕೈಗೆ ಬಂದಾಗ ಎಲ್ಲರೂ ತಮಗೆ ಅನ್ಯಾಯವಾಗಿದೆ ಎಂದು ಅನಿಸಿದ ಉತ್ತರಕ್ಕೇ ನೇರ ಹೋಗುತ್ತಾರೆ. ಅದು ಕೊನೆಯ ಕೆಲಸ. ಮೊದಲು ಉತ್ತರಗಳನ್ನು ಓದಲೇಬಾರದು, ಕೆಂಪು ಶಾಯಿಯನ್ನು ಮಾತ್ರ ಓದಬೇಕು. ಪ್ರತಿ ಪುಟದ ಅಂಚಿನಲ್ಲಿ ಬಿದ್ದ ಅಂಕಗಳನ್ನು ಬೇರೆ ಹಾಳೆಯಲ್ಲಿ ಪ್ರಶ್ನೆವಾರು ಬರೆದುಕೊಂಡು, ಕೂಡಿಸಿ, ಮುಖಪುಟದ ಕೋಷ್ಟಕದ ಜತೆ ಹೋಲಿಸಬೇಕು. ಪ್ರಶ್ನೆಪತ್ರಿಕೆ 80 ಅಂಕಗಳದ್ದು: ಎರಡು ಅಂಕದ ಐದು, ಏಳು ಅಂಕದ ನಾಲ್ಕು, ಹದಿನಾಲ್ಕು ಅಂಕದ ಮೂರು. ಪಾಸಿಗೆ 28.

ಅವಳು ಓದುತ್ತ ಹೋದಳು, ನಾನು ಬರೆದುಕೊಂಡೆ. ಒಂದನೇ ಪ್ರಶ್ನೆಯ ಐದು ಸಣ್ಣ ಉತ್ತರಗಳಿಗೆ ಒಟ್ಟು 5. ಎರಡಕ್ಕೆ 3. ನಾಲ್ಕನೆಯದು ಎರಡು ಪುಟಗಳಲ್ಲಿದೆ, ಒಂಬತ್ತನೇ ಪುಟದ ಕೆಳಗೆ 2, ಹತ್ತನೇ ಪುಟದ ಕೆಳಗೆ 3. ಐದಕ್ಕೆ 2, ಆರಕ್ಕೆ 3, ಒಂಬತ್ತಕ್ಕೆ 4, ಹತ್ತಕ್ಕೆ 3, ಹನ್ನೊಂದಕ್ಕೆ 1. ಕೂಡಿಸಿದರೆ 26. ಮುಖಪುಟದಲ್ಲಿ 24. ಎಲ್ಲಿ ಹೋಯಿತು ಎರಡು? ಕೋಷ್ಟಕದಲ್ಲಿ ನಾಲ್ಕನೇ ಪ್ರಶ್ನೆಯ ಎದುರು 3 ಎಂದಿದೆ. ಹತ್ತನೇ ಪುಟದ ಮೂರು ಮುಖಪುಟಕ್ಕೆ ಹೋಗಿದೆ, ಒಂಬತ್ತನೇ ಪುಟದ ಎರಡು ಅಲ್ಲಿಯೇ ಉಳಿದಿದೆ.

ಹುಡುಗಿ ಸುಮ್ಮನೆ ನೋಡುತ್ತ ಕೂತಳು. ಆಮೇಲೆ, “ಹಾಗಾದರೆ ಅವರು ಓದಿದ್ದಾರೆ” ಎಂದಳು. ಹೌದು, ಈ ಉತ್ತರವನ್ನಂತೂ ಎರಡೂ ಪುಟ ಓದಿ ಅಂಕ ಹಾಕಿದ್ದಾರೆ. ತಪ್ಪಿದ್ದು ಅಂಕವನ್ನು ಮುಖಪುಟಕ್ಕೆ ಎತ್ತಿ ಬರೆಯುವಾಗ.

ಎರಡನೇ ಸುತ್ತಿನಲ್ಲಿ, ಬರೆದ ಪುಟಗಳ ಪೈಕಿ ಕೆಂಪು ಗುರುತೇ ಇಲ್ಲದ್ದು ಯಾವುದು ಎಂದು ಹುಡುಕಿದೆವು. ಸಿಕ್ಕಿದ್ದು ಒಂದೇ, ಇಪ್ಪತ್ತೈದನೆಯದು. ಒಂಬತ್ತನೇ ಪ್ರಶ್ನೆಯನ್ನು ಅವಳು ಹದಿನೆಂಟನೇ ಪುಟದಲ್ಲಿ ಶುರುಮಾಡಿ, ಮಧ್ಯೆ ನಿಲ್ಲಿಸಿ, ಹತ್ತು ಹನ್ನೊಂದು ಬರೆದು ಮುಗಿಸಿ, ಉಳಿದದ್ದನ್ನು ಇಪ್ಪತ್ತೈದನೇ ಪುಟದಲ್ಲಿ ಪೂರ್ತಿ ಮಾಡಿದ್ದಾಳೆ. ತಲೆಯಲ್ಲಿ ‘9 ಮುಂದುವರಿದಿದೆ’ ಎಂದು ಬರೆದಿದ್ದಾಳೆ. ಹದಿನೆಂಟನೇ ಪುಟದ ಕೆಳಗೆ ‘ಪುಟ 25 ನೋಡಿ’ ಎಂದು ಬರೆದಿಲ್ಲ. ಹದಿನೆಂಟರಲ್ಲಿ 4 ಅಂಕ ಬಿದ್ದಿದೆ. ಇಪ್ಪತ್ತೈದರಲ್ಲಿ ಸರಿ ಗುರುತೂ ಇಲ್ಲ, ತಪ್ಪು ಗುರುತೂ ಇಲ್ಲ, ಸೊನ್ನೆಯೂ ಇಲ್ಲ. ಸೊನ್ನೆ ಇದ್ದಿದ್ದರೆ ಓದಿ ಕೊಟ್ಟಿಲ್ಲ ಎಂದಾಗುತ್ತಿತ್ತು, ಮಾತೇ ಬೇರೆಯಾಗುತ್ತಿತ್ತು.

ಮೂರನೇ ಸುತ್ತಿನಲ್ಲಿ ಉತ್ತರ ಓದಲು ಕೂತೆ. ಒಂಬತ್ತನೆಯದು ಪ್ರೋಸೆಸ್ ಅಕೌಂಟ್. ಪ್ರಕ್ರಿಯೆಗೆ 10 ರೂಪಾಯಿಯ 1,000 ಘಟಕ ಹಾಕಿದೆ, ಕೂಲಿ 4,000, ಮೇಲ್ವೆಚ್ಚ 2,700. ಸಾಮಾನ್ಯ ನಷ್ಟ ಶೇಕಡಾ 10, ಸ್ಕ್ರ್ಯಾಪಿಗೆ ಘಟಕವೊಂದಕ್ಕೆ 5 ರೂಪಾಯಿ ಬರುತ್ತದೆ. ಹೊರಬಂದದ್ದು 850 ಘಟಕ. ಒಟ್ಟು ವೆಚ್ಚ 16,700ರಲ್ಲಿ ಸ್ಕ್ರ್ಯಾಪಿನ 500 ಕಳೆದು 900 ಘಟಕಗಳಿಗೆ ಹಂಚಿದರೆ ಒಂದಕ್ಕೆ 18 ರೂಪಾಯಿ. ಹೊರಬರಬೇಕಿದ್ದ 900ರಲ್ಲಿ 50 ಕಡಿಮೆ ಬಂದಿದೆ, ಆ ಅಸಾಮಾನ್ಯ ನಷ್ಟ 900 ರೂಪಾಯಿ. ಇವಳ ಇಪ್ಪತ್ತೈದನೇ ಪುಟದಲ್ಲಿ ಘಟಕವೊಂದಕ್ಕೆ 23 ಎಂದಿದೆ.

ಘಟಕಕ್ಕೆ ಐದು ರೂಪಾಯಿ ವ್ಯತ್ಯಾಸ, 900 ಘಟಕಕ್ಕೆ 4,500. ಒಂಬತ್ತರಿಂದ ಭಾಗವಾಗುವ ಸಂಖ್ಯೆ. ಲೆಕ್ಕದವರು ಇದನ್ನು ಕಂಡ ಕೂಡಲೇ ಎರಡು ಅಂಕಿ ಸ್ಥಾನ ಪಲ್ಲಟವಾಗಿದೆಯೇ ಎಂದು ನೋಡುತ್ತಾರೆ. ಹದಿನೆಂಟನೇ ಪುಟಕ್ಕೆ ಹಿಂದೆ ಹೋದರೆ ಅಲ್ಲಿ ಇತ್ತು: ಮೇಲ್ವೆಚ್ಚ 7,200. ಪ್ರಶ್ನೆಪತ್ರಿಕೆಯ 2,700 ಇವಳ ಕೈಯಲ್ಲಿ ತಿರುಗಿ ಕೂತಿದೆ. ಅದೊಂದನ್ನು ಬಿಟ್ಟರೆ ಮುಂದಿನದೆಲ್ಲ ಆ ತಪ್ಪು ಅಂಕಿಯಿಂದ ಸರಿಯಾಗಿಯೇ ನಡೆದಿದೆ. 21,200ರಲ್ಲಿ 500 ಕಳೆದು 900ರಿಂದ ಭಾಗಿಸಿದರೆ 23; ಅಸಾಮಾನ್ಯ ನಷ್ಟ 1,150; ಉತ್ಪನ್ನ 19,550; ಎರಡೂ ಬದಿ ಕೂಡುತ್ತವೆ. ಅಸಾಮಾನ್ಯ ನಷ್ಟದ ಖಾತೆಯಲ್ಲಿ ಸ್ಕ್ರ್ಯಾಪಿನ 250 ತೆಗೆದು ಉಳಿದ 900ನ್ನು ಲಾಭ ನಷ್ಟಕ್ಕೆ ಒಯ್ದಿದ್ದಾಳೆ. ವಿಧಾನ ಬರುತ್ತದೆ ಹುಡುಗಿಗೆ.

“ಅಯ್ಯೋ, ತಪ್ಪು ನನ್ನದೇ. ಇನ್ನು ಬರೆಯುವುದು ಎಂತ?” ಎಂದಳು. ತಪ್ಪು ಇದ್ದದ್ದರಿಂದಲೇ ಇನ್ನಷ್ಟು ಸ್ಪಷ್ಟವಾಗಿ ಬರೆಯಬೇಕು ಎಂದು ಹೇಳುವಷ್ಟರಲ್ಲಿ ಅವಳ ಬಿಡುವು ಮುಗಿದಿತ್ತು.

ಆ ಮೂರು ಪುಟದ ಹತ್ತನೇ ಉತ್ತರವನ್ನು ಬಸ್ಸಿನಲ್ಲಿ ಓದಿದೆ. ಪ್ರಶ್ನೆ ಕೇಳಿದ್ದು ಸಾಮಗ್ರಿ ನೀಡಿಕೆಯ ಬೆಲೆ ಕಟ್ಟುವ ವಿಧಾನಗಳನ್ನು, ಫಿಫೋ ಮತ್ತು ತೂಕದ ಸರಾಸರಿಯನ್ನು ಹೋಲಿಸಿ. ಇವಳು ಬರೆದದ್ದು ಉಗ್ರಾಣ ಯಾಕೆ ಬೇಕು ಎಂಬುದನ್ನು. ಮೂರು ಅಂಕ ಧಾರಾಳವೇ ಆಯಿತು.

ಕಾಪು, 20 ಜೂನ್, ಶುಕ್ರವಾರ

ಬೆಳಿಗ್ಗೆ ಕೂತು ಕರಡು ಮಾಡಿದೆ. ಅಂಗಲಾಚುವುದೂ ಬೈಯುವುದೂ ಎರಡೂ ಒಂದೇ ಕೆಲಸ ಮಾಡುತ್ತವೆ: ಓದುವವರ ಕಣ್ಣನ್ನು ಪುಟದಿಂದ ಎತ್ತಿ ಮನುಷ್ಯರ ಕಡೆ ತಿರುಗಿಸುತ್ತವೆ. ಪಾದಕ್ಕೆ ಬೀಳುತ್ತೇನೆ ಎಂದರೆ ಕೇಳುತ್ತಿರುವುದು ದಯೆ ಎಂದಾಗುತ್ತದೆ. ದಯೆ ತೋರಿಸಲು ನಿಯಮದಲ್ಲಿ ಜಾಗವಿಲ್ಲ, ಹಾಗಾಗಿ ಇಲ್ಲ ಎನ್ನುವುದು ಸುಲಭ. ಓದಿಯೇ ಇಲ್ಲ ಎಂದರೆ ಕಚೇರಿಯವರು ತಮ್ಮ ಮೌಲ್ಯಮಾಪಕರ ಪರ ನಿಲ್ಲಬೇಕಾಗುತ್ತದೆ. ಅಪ್ಪನ ಕಷ್ಟ ನಿಜ, ಆದರೆ ಅದು ಶುಲ್ಕ ವಿನಾಯಿತಿಯ ಅರ್ಜಿಗೆ ಸೇರಿದ್ದು. ಗೆಳತಿಯ 51ನ್ನು ಎತ್ತಿದರೆ ಆ ಹುಡುಗಿಯ ಪತ್ರಿಕೆಯನ್ನೂ ಸಂಶಯಕ್ಕೆ ತಂದಂತೆ. ಅವಳದು ಇವಳ ಕೈಯಲ್ಲೂ ಇಲ್ಲ.

ಇದನ್ನೆಲ್ಲ ತೆಗೆದರೆ ಹಳೆಯ ಅರ್ಜಿಯಲ್ಲಿ ಉಳಿಯುವುದು ‘ನನ್ನ ಪೇಪರನ್ನು ಮತ್ತೆ ನೋಡಿ’ ಎಂಬಷ್ಟೇ. ಅಲ್ಲಿಂದ ಶುರುಮಾಡಿದೆ. ಪ್ರತಿ ಅಂಶದಲ್ಲಿ ಮೊದಲು ಎಲ್ಲಿ, ಆಮೇಲೆ ಏನು ಕಾಣುತ್ತದೆ, ಆಮೇಲೆ ಏನು ಮಾಡಬೇಕೆಂದು ಕೋರಿಕೆ. ಯಾಕೆ ಹಾಗಾಯಿತು ಎಂಬ ವಿವರಣೆ ಎಲ್ಲಿಯೂ ಇಲ್ಲ. ಗೌರವಕ್ಕೆ ಮೇಲೊಂದು ‘ಮಾನ್ಯರೇ’, ಕೊನೆಗೊಂದು ‘ತಮ್ಮ ವಿಶ್ವಾಸಿ’, ನಡುವೆ ‘ಪರಿಶೀಲಿಸಬೇಕಾಗಿ ಕೋರುತ್ತೇನೆ’. ಅದಕ್ಕಿಂತ ಹೆಚ್ಚಿನದು ಬೇಡ.

ಹತ್ತನೇ ಪ್ರಶ್ನೆಯ ಬಗ್ಗೆಯೂ ಒಂದು ಪ್ಯಾರಾ ಬರೆದಿದ್ದೇನೆ, ಹುಡುಗಿಯ ಒತ್ತಾಯಕ್ಕೆ. ಇರಬೇಕೇ ಬೇಡವೇ ಎಂದು ನಾಡಿದ್ದು ಉಡುಪಿಯಲ್ಲಿ ಕೇಳುತ್ತೇನೆ.

ಉಡುಪಿ, 22 ಜೂನ್, ಭಾನುವಾರ

ಗೆಳೆಯ ವಾಣಿಜ್ಯದಲ್ಲೇ ಇದ್ದವರು, ವರ್ಷಗಟ್ಟಲೆ ಮೌಲ್ಯಮಾಪನಕ್ಕೆ ಹೋದವರು, ಕೆಲಕಾಲ ಪರೀಕ್ಷಾಂಗದ ಒಳಗೂ ಕೆಲಸ ಮಾಡಿದವರು. ರಥಬೀದಿಯ ಹಿಂದಿನ ಅವರ ಮನೆಯಲ್ಲಿ ಕರಡು ಓದಿ ಕೇಳಿದ ಮೊದಲ ಪ್ರಶ್ನೆ: “ಇದನ್ನು ಯಾರು ಓದುತ್ತಾರೆ ಅಂತ ಅಂದುಕೊಂಡು ಬರೆದಿರಿ ನೀವು?”

“ಮರುಮೌಲ್ಯಮಾಪನ ಮಾಡುವವರು.”

“ಅವರಿಗೆ ಇದು ತಲುಪುವುದೇ ಇಲ್ಲ ಮಾರಾಯ್ರೆ. ಅವರಿಗೆ ಹೋಗುವುದು ಉತ್ತರ ಪತ್ರಿಕೆ ಮತ್ತು ಅಂಕ ಹಂಚಿಕೆಯ ಸ್ಕೀಮು. ಹಳೆ ಅಂಕವನ್ನೂ ಮುಚ್ಚಿಯೇ ಕೊಡುವುದು, ಹೆಸರಂತೂ ಇರುವುದಿಲ್ಲ. ನಿಮ್ಮ ಕಾಗದ ಓದುವುದು ಕಚೇರಿಯ ಸೂಪರಿಂಟೆಂಡೆಂಟು, ಮತ್ತೆ ನಿಯಂತ್ರಕರು. ಅವರಿಗೆ ಕಾಸ್ಟ್ ಅಕೌಂಟಿಂಗ್ ಗೊತ್ತಿರಬೇಕಂತ ಇಲ್ಲ, ಅವರು ಫಿಸಿಕ್ಸಿನವರೂ ಆಗಿರಬಹುದು.”

ಎಲ್ಲ ಕಡೆಯೂ ಇದೇ ಕ್ರಮ ಅಲ್ಲದಿರಬಹುದು, ಆದರೆ ಅವರು ಕಂಡ ಕಡೆಯಲ್ಲೆಲ್ಲ ಹೀಗೆಯೇ ಅಂತೆ. ಇದರಿಂದ ಕರಡಿನ ಕ್ರಮವೇ ಬದಲಾಯಿತು. ನಾನು ಒಂಬತ್ತನೇ ಪ್ರಶ್ನೆಯ ಲೆಕ್ಕವನ್ನು ಮೊದಲಿಗಿಟ್ಟಿದ್ದೆ, ಅಂಕ ಹೆಚ್ಚು ಇರುವುದು ಅಲ್ಲಿ ಎಂದು. ಅವರು ಅದನ್ನು ಕೆಳಗೆ ತಳ್ಳಿದರು. ಮುಖಪುಟಕ್ಕೆ ಅಂಕ ಎತ್ತಿಬರೆದದ್ದರಲ್ಲಿನ ತಪ್ಪನ್ನು ಕಚೇರಿಯ ಮೇಜಿನ ಮೇಲೇ ಎರಡು ನಿಮಿಷದಲ್ಲಿ ನೋಡಬಹುದು, ಯಾವ ವಿಷಯತಜ್ಞರೂ ಬೇಡ, ಅದು ಮೊದಲು. ಗುರುತಿಲ್ಲದ ಪುಟವನ್ನೂ ಯಾರು ಬೇಕಾದರೂ ತೆರೆದು ನೋಡಿ ಹೌದು ಎನ್ನಬಹುದು, ಆದರೆ ಅಂಕ ಹಾಕಲು ಮೌಲ್ಯಮಾಪಕರಿಗೆ ಕಳುಹಿಸಬೇಕು, ಅದು ಎರಡನೆಯದು. ಹಂತವಾರು ಅಂಕ ಎಂಬುದು ಪೂರ್ತಿ ತಜ್ಞರ ತೀರ್ಮಾನ. ಅದು ಕೊನೆಗೆ, ಚಿಕ್ಕದಾಗಿ, ಸ್ಕೀಮಿನ ಹೆಸರು ಹೇಳಿ. ಸ್ಕೀಮಿನಲ್ಲಿ ಹಂತಕ್ಕೆ ಅಂಕ ಇಲ್ಲದಿದ್ದರೆ ಮುಗಿಯಿತು, ವಾದ ಮಾಡುವ ಹಾಗಿಲ್ಲ.

ಹತ್ತನೇ ಪ್ರಶ್ನೆಯ ಪ್ಯಾರಾವನ್ನು ಪೆನ್ಸಿಲಿನಲ್ಲಿ ಅಡ್ಡ ಹೊಡೆದರು. “ಮೂರು ಪುಟಕ್ಕೆ ಮೂರು ಅಂಕ ಅಂತ ಓದಿದ ಕೂಡಲೇ, ಓ ಇದೂ ಅಂಥದ್ದೇ ಅರ್ಜಿ ಅಂತ ಅವರಿಗೆ ಅನಿಸುತ್ತದೆ. ಆಮೇಲೆ ಪುಟ 25ನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.” ಹುಡುಗಿಯ ಕಾಲೇಜಿನ ನಿಯಮಾವಳಿಯ ಇನ್ನೊಂದು ಸಾಲನ್ನೂ ತೋರಿಸಿದರು: ಮರುಮೌಲ್ಯಮಾಪನದಲ್ಲಿ ಬಂದ ಅಂಕವೇ ಅಂತಿಮ, ಕಡಿಮೆ ಬಂದರೂ ಸರಿ. ಧಾರಾಳವಾಗಿ ಸಿಕ್ಕ ಮೂರನ್ನು ಬೆರಳಿಟ್ಟು ತೋರಿಸಿ ಕಳೆದುಕೊಳ್ಳುವುದು ಯಾಕೆ?

ಒಂದು ವಿಷಯದಲ್ಲಿ ನಾವು ಒಪ್ಪಲಿಲ್ಲ. ಮೇಲ್ವೆಚ್ಚದ ಅಂಕಿ ತಿರುಗಿದ್ದನ್ನು ಹುಡುಗಿ ತಾನಾಗಿ ಹೇಳುವುದು ಬೇಡ ಎಂದರು ಅವರು, ಕೇಳದೆ ಯಾಕೆ ಹೇಳಬೇಕು ಎಂದು. ಹೇಳದಿದ್ದರೆ ಮೂರನೇ ಅಂಶಕ್ಕೆ ಆಧಾರವೇ ಇಲ್ಲ ಎಂದೆ. ಉತ್ತರ 18 ಬರಬೇಕಾದಲ್ಲಿ 23 ಬಂದದ್ದನ್ನು ಯಾರು ನೋಡಿದರೂ ತಪ್ಪೆಂದೇ ಹೇಳುತ್ತಾರೆ. ಎಲ್ಲಿ ತಪ್ಪಿತು, ಎಲ್ಲಿಂದ ಮುಂದೆ ಸರಿಯಾಗಿದೆ ಎಂದು ಗೆರೆ ಎಳೆದು ತೋರಿಸಿದರೆ ಮಾತ್ರ ಹಂತ ಎಂಬ ಮಾತಿಗೆ ಅರ್ಥ. ಕಾಫಿ ಬರುವವರೆಗೆ ವಾದ ನಡೆಯಿತು. ಕೊನೆಗೆ, “ನಿಮ್ಮ ಹುಡುಗಿ, ನಿಮ್ಮ ಕಾಗದ” ಎಂದು ಬಿಟ್ಟರು.

ಕಾಪು, 23 ಜೂನ್, ಸೋಮವಾರ

ಕೊನೆಯ ರೂಪ. ನೋಂದಣಿ ಸಂಖ್ಯೆ, ವಿಷಯದ ಕೋಡ್, ಪರೀಕ್ಷೆಯ ದಿನಾಂಕಗಳು ತಲೆಭಾಗದಲ್ಲಿವೆ. ‘ವಿಭಾಗ ಮುಖ್ಯಸ್ಥರ ಮುಖಾಂತರ’ ಎಂದೂ ಸೇರಿಸಿದೆ. ಒಳಗಿನ ಭಾಗ ಇಷ್ಟು:

“ಮಾನ್ಯರೇ,

ವಿಷಯ: ಕಾಸ್ಟ್ ಅಕೌಂಟಿಂಗ್ ಉತ್ತರ ಪತ್ರಿಕೆಯ ಮರುಎಣಿಕೆ ಮತ್ತು ಮರುಮೌಲ್ಯಮಾಪನದ ಬಗ್ಗೆ.

ಉಲ್ಲೇಖ: ಜೂನ್ 18ರಂದು ನನಗೆ ಒದಗಿಸಿದ ಉತ್ತರ ಪತ್ರಿಕೆಯ ಛಾಯಾಪ್ರತಿ.

ಉಲ್ಲೇಖಿತ ಛಾಯಾಪ್ರತಿಯನ್ನು ಪರಿಶೀಲಿಸಿದಾಗ ಕಂಡ ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ಪ್ರಶ್ನೆ 4: ಪುಟ 9ರಲ್ಲಿ 2 ಅಂಕ, ಪುಟ 10ರಲ್ಲಿ 3 ಅಂಕ ನಮೂದಾಗಿವೆ. ಮುಖಪುಟದಲ್ಲಿ ಈ ಪ್ರಶ್ನೆಗೆ 3 ಅಂಕ ಎಂದಿದೆ. ಒಳಪುಟಗಳ ಅಂಕಗಳ ಮೊತ್ತ 26, ಮುಖಪುಟದ ಮೊತ್ತ 24. ಮರುಎಣಿಕೆ ಮಾಡಬೇಕಾಗಿ ಕೋರುತ್ತೇನೆ.

2. ಪ್ರಶ್ನೆ 9: ಈ ಉತ್ತರ ಪುಟ 18ರಲ್ಲಿ ಆರಂಭವಾಗಿ ಪುಟ 25ರಲ್ಲಿ ಮುಂದುವರಿದಿದೆ. ಪುಟ 25ರ ಮೇಲ್ಭಾಗದಲ್ಲಿ ‘9 ಮುಂದುವರಿದಿದೆ’ ಎಂದು ಬರೆದಿದ್ದೇನೆ. ಪುಟ 18ರ ಕೊನೆಯಲ್ಲಿ ಅದರ ಸೂಚನೆಯನ್ನು ನಾನು ನೀಡಿಲ್ಲ. ಪುಟ 25ರಲ್ಲಿ ಮೌಲ್ಯಮಾಪನದ ಯಾವುದೇ ಗುರುತು ಕಾಣುವುದಿಲ್ಲ. ಈ ಪುಟವನ್ನು ಮೌಲ್ಯಮಾಪನಕ್ಕೆ ಒಳಪಡಿಸಬೇಕಾಗಿ ಕೋರುತ್ತೇನೆ.

3. ಅದೇ ಉತ್ತರದಲ್ಲಿ ಮೇಲ್ವೆಚ್ಚ ರೂ. 2,700ನ್ನು ರೂ. 7,200 ಎಂದು ನಾನು ತಪ್ಪಾಗಿ ಬರೆದುಕೊಂಡಿದ್ದೇನೆ. ಆ ಅಂಕಿಯ ನಂತರದ ಹಂತಗಳು, ಅಂದರೆ ಘಟಕವೆಚ್ಚ, ಅಸಾಮಾನ್ಯ ನಷ್ಟ ಮತ್ತು ಅದರ ಖಾತೆ, ವಿಧಾನದ ಪ್ರಕಾರ ಇವೆ ಎಂದು ನನ್ನ ತಿಳಿವಳಿಕೆ. ಅಂಕ ಹಂಚಿಕೆಯ ಯೋಜನೆಯಲ್ಲಿ ಹಂತವಾರು ಅಂಕಗಳಿಗೆ ಅವಕಾಶವಿದ್ದಲ್ಲಿ ಪರಿಗಣಿಸಬೇಕಾಗಿ ಕೋರುತ್ತೇನೆ.

ಪುಟ 9, 10, 18, 25 ಮತ್ತು ಮುಖಪುಟದ ಪ್ರತಿಗಳನ್ನು ಲಗತ್ತಿಸಿದ್ದೇನೆ.”

‘ಅವಕಾಶವಿದ್ದಲ್ಲಿ’ ಎಂಬುದರ ಮೇಲೆ ಫೋನಿನಲ್ಲಿ ಹುಡುಗಿಗೆ ಸ್ವಲ್ಪ ಅಸಮಾಧಾನ. “ಅದು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲವಾ ಸರ್?” ಸ್ಕೀಮು ನಾವು ನೋಡಿಲ್ಲ. ನೋಡದೆ ‘ಅಂಕ ಸಿಗಲೇಬೇಕು’ ಎಂದು ಬರೆದರೆ, ಅದರಲ್ಲಿ ಇಲ್ಲ ಎಂದು ಒಂದು ಸಾಲಿನಲ್ಲಿ ಉತ್ತರ ಬರುತ್ತದೆ, ಉಳಿದ ಎರಡು ಅಂಶಗಳ ಮೇಲೂ ಅದರ ನೆರಳು ಬೀಳುತ್ತದೆ. ಮೂರನೆಯದು ಬಿದ್ದರೂ ಮೊದಲ ಎರಡು ನಿಲ್ಲುವಂತಿರಬೇಕು. ಮರುಎಣಿಕೆಯಿಂದ 26, ಪುಟ 25ರಲ್ಲಿ ಎರಡೇ ಅಂಕ ಸಿಕ್ಕರೂ 28. ಅವಳು ಅಷ್ಟರಲ್ಲಿ ಆ ಲೆಕ್ಕ ಮಾಡಿ ಆಗಿತ್ತು.

ಕಾಪು, 25 ಜೂನ್, ಬುಧವಾರ

ನಿನ್ನೆ ಅರ್ಜಿ ಕೊಟ್ಟರು. ವಿಭಾಗ ಮುಖ್ಯಸ್ಥರು ಓದಿ, ಏನೂ ಕೇಳದೆ ಸಹಿ ಹಾಕಿದರಂತೆ. ಎರಡು ಪ್ರತಿ ಒಯ್ಯಲು ಹೇಳಿದ್ದೆ. ಒಂದರ ಮೇಲೆ ಕಚೇರಿಯ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡು ಬಂದಿದ್ದಾಳೆ. ಅದಿಲ್ಲದಿದ್ದರೆ ನಾಳೆ ವಿಚಾರಿಸಲು ಹೋದಾಗ ಯಾವ ಅರ್ಜಿ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ಮರುಎಣಿಕೆಯದೂ ಮರುಮೌಲ್ಯಮಾಪನದ್ದೂ ಬೇರೆ ಬೇರೆ ನಮೂನೆ, ಬೇರೆ ಬೇರೆ ರಸೀದಿ. ಅರ್ಜಿಯನ್ನು ಎರಡಕ್ಕೂ ಲಗತ್ತಿಸಿದ್ದಾಳೆ.

ಕಾಪು, 5 ಜುಲೈ, ಶನಿವಾರ

ಮರುಎಣಿಕೆ ಬಂತು. 24 ಇದ್ದದ್ದು 26. ಮರುಮೌಲ್ಯಮಾಪನ ಬಾಕಿ, ಪುಟ 25ನ್ನು ಕಳುಹಿಸಿದ್ದೇವೆ ಎಂದಷ್ಟೇ ಕಚೇರಿಯಲ್ಲಿ ಹೇಳಿದ್ದಾರೆ.

ಸಂಜೆ ಅಪ್ಪನ ಫೋನು, ಹಿಂದೆ ಬಸ್ಸಿನ ಸದ್ದು. ಪೂರಕ ಪರೀಕ್ಷೆಗೆ ಶುಲ್ಕ ಕಟ್ಟಲು ಗುರುವಾರ ಕೊನೆ ದಿನ. ಅಷ್ಟರೊಳಗೆ ಫಲಿತಾಂಶ ಬರುವ ಖಾತ್ರಿ ಇಲ್ಲ. “ಪಾಸಾದರೆ ಆ ದುಡ್ಡು ಹೋದ ಹಾಗೆಯೇ ಅಲ್ವಾ ಸರ್? ಕಟ್ಟುದಾ, ಕಾಯುದಾ?”

ಕಟ್ಟು ಎಂದೆ. ಫಲಿತಾಂಶ ತಡವಾದರೆ ಕಾಲೇಜು ಕಾಯುವುದಿಲ್ಲ, ಹೋಗುವುದು ಆರು ತಿಂಗಳು. ಮಗಳಿಗೂ ಹೇಳಿದೆ, ಹತ್ತನೇ ಪ್ರಶ್ನೆಯ ಪಾಠವನ್ನು ಈಗಲೇ ತೆಗೆದು ಓದು, ಫಿಫೋ ಮತ್ತು ತೂಕದ ಸರಾಸರಿ, ಎರಡನ್ನೂ ಒಂದೇ ಲೆಕ್ಕದಲ್ಲಿ ಮಾಡಿ ನೋಡು. ಭಾನುವಾರ ಪುಸ್ತಕ ಹಿಡಿದುಕೊಂಡು ಕಾಪುವಿಗೆ ಬರುತ್ತಾಳಂತೆ.